ಸರ್ಟಿಫಿಕೇಟ್ ಮೂರು, ಲ್ಯಾಬ್ ಒಂದು: ಜೂನಿಯರ್ ಅನಲಿಸ್ಟ್ ರೆಸ್ಯೂಮೆ ಓದುವಾಗ ನಾನು ಏನು ನೋಡುತ್ತೇನೆ

ಬೆಂಗಳೂರಿನ ಒಂದು ಕಂಪನಿಯ ಎಸ್‌ಒಸಿಯಲ್ಲಿ, ಅಂದರೆ ಇಪ್ಪತ್ತನಾಲ್ಕು ಗಂಟೆಯೂ ಸೆಕ್ಯುರಿಟಿ ಅಲರ್ಟ್ ಕಾಯುವ ತಂಡದಲ್ಲಿ, ಅಲರ್ಟ್‌ಗಳನ್ನು ಮೊದಲು ನೋಡುವ ಎಲ್1 ಶಿಫ್ಟ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಜೂನಿಯರ್ ಅನಲಿಸ್ಟ್ ಹುದ್ದೆ ಖಾಲಿಯಾದಾಗ ಎಚ್‌ಆರ್ ಸೋಸಿ ಕಳಿಸಿದ ರೆಸ್ಯೂಮೆಗಳು ನನ್ನ ಹತ್ತಿರ ಬರುತ್ತವೆ. ಈಗೀಗ ಹೆಚ್ಚಿನವು ಒಂದೇ ಅಚ್ಚಿನಲ್ಲಿರುತ್ತವೆ. ಮೇಲೆ ಎರಡು ಮೂರು ಸರ್ಟಿಫಿಕೇಟ್, ಕೆಳಗೆ "ಹೋಮ್ ಲ್ಯಾಬ್" ಅಂತ ಒಂದು ಭಾಗ. ಅಂಥ ಒಂದು ರೆಸ್ಯೂಮೆಯನ್ನು ನಮ್ಮ ಪೋಸ್ಟಿಂಗ್ ಪಕ್ಕ ಇಟ್ಟು ಹೇಗೆ ತೂಗಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪೋಸ್ಟಿಂಗ್ ಏನು ಕೇಳಿತ್ತು ನೋಡೋಣ. ಸೀಮ್‌ನಲ್ಲಿ, ಅಂದರೆ ಎಲ್ಲ ಮಷಿನ್‌ಗಳ ಲಾಗ್ ಒಂದೆಡೆ ಸೇರಿಸಿ ಎಚ್ಚರಿಸುವ ಸಾಫ್ಟ್‌ವೇರ್‌ನಲ್ಲಿ (ನಮ್ಮದು ಸ್ಪ್ಲಂಕ್), ಬರುವ ಅಲರ್ಟ್ ನೋಡಿ ನಿಜವೋ ಸುಳ್ಳೋ ಅಂತ ವಿಂಗಡಿಸಬೇಕು. ವಿಂಡೋಸ್ ಮತ್ತು ಲಿನಕ್ಸ್ ಲಾಗ್ ಓದಲು ಬರಬೇಕು. ಫಿಶಿಂಗ್ ಮೇಲ್ ಪರೀಕ್ಷಿಸಬೇಕು. ಟಿಕೆಟ್ ಬರೆದು, ಬೇಕಾದರೆ ಮೇಲಿನ ಹಂತದ ಎಲ್2 ತಂಡಕ್ಕೆ ದಾಟಿಸಬೇಕು. ರಾತ್ರಿ ಶಿಫ್ಟ್ ಇರುತ್ತದೆ. ಸೆಕ್ಯುರಿಟಿ ಪ್ಲಸ್ ಅಥವಾ ಅದಕ್ಕೆ ಸಮನಾದದ್ದು ಇದ್ದರೆ ಒಳ್ಳೆಯದು. ಇಷ್ಟೇ ಇದ್ದಿದ್ದರೆ ಸರಿ. ಕೊನೆಗೆ ಯಾರೋ "ಸಿಐಎಸ್‌ಎಸ್‌ಪಿ ಇದ್ದವರಿಗೆ ಆದ್ಯತೆ" ಅಂತಲೂ ಸೇರಿಸಿದ್ದರು. ಸಿಐಎಸ್‌ಎಸ್‌ಪಿ ಪೂರ್ತಿಯಾಗಿ ಸಿಗಬೇಕಾದರೆ 5 ವರ್ಷದ ಕೆಲಸದ ಅನುಭವ ತೋರಿಸಬೇಕು. ಡಿಗ್ರಿ ಇದ್ದರೆ ಅದರಲ್ಲಿ ಒಂದು ವರ್ಷ ಕಮ್ಮಿ, ಅಷ್ಟೇ. ಅದಿದ್ದವರು ಜೂನಿಯರ್ ಹುದ್ದೆಗೆ ಯಾಕೆ ಬರ್ತಾರೆ ಅಲ್ವಾ? ಆ ಸಾಲನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ರೆಸ್ಯೂಮೆ ಒಬ್ಬ ಹೊಸ ಪದವೀಧರೆಯದು. ಸೆಕ್ಯುರಿಟಿ ಪ್ಲಸ್, ಸಿಇಎಚ್, ಗೂಗಲ್‌ನ ಸೈಬರ್ ಸೆಕ್ಯುರಿಟಿ ಕೋರ್ಸ್. ಲ್ಯಾಬ್ ಭಾಗದಲ್ಲಿ ಎರಡೇ ಸಾಲು: "ವಾಜು, ಸಿಸ್‌ಮಾನ್, ವಿಂಡೋಸ್ 10 ಮತ್ತು ಕಾಲಿ ಲಿನಕ್ಸ್ ಬಳಸಿ ಮನೆಯಲ್ಲೇ ಲ್ಯಾಬ್ ಕಟ್ಟಿದ್ದೇನೆ. ಆರ್‌ಡಿಪಿ ಮೇಲೆ ಬ್ರೂಟ್ ಫೋರ್ಸ್ ದಾಳಿ ನಡೆಸಿ, ಇವೆಂಟ್ ಐಡಿ 4625 ಮೂಲಕ ಪತ್ತೆ ಹಚ್ಚಿದ್ದೇನೆ." ಪಕ್ಕದಲ್ಲಿ ಗಿಟ್‌ಹಬ್ ಲಿಂಕ್. ಇಲ್ಲಿ ವಾಜು ಅಂದರೆ ಉಚಿತವಾಗಿ ಸಿಗುವ ಸೀಮ್, ಸಿಸ್‌ಮಾನ್ ಅಂದರೆ ವಿಂಡೋಸ್‌ನಲ್ಲಿ ಹೆಚ್ಚಿನ ಲಾಗ್ ಬರೆಯುವ ಸಾಧನ, ಕಾಲಿ ಅಂದರೆ ದಾಳಿ ಮಾಡಿದ ಮಷಿನ್. ಆರ್‌ಡಿಪಿ ಅಂದರೆ ದೂರದಿಂದ ವಿಂಡೋಸ್ ಡೆಸ್ಕ್‌ಟಾಪ್ ತೆರೆಯುವ ದಾರಿ, 4625 ಅಂದರೆ ಲಾಗಿನ್ ವಿಫಲವಾದದ್ದರ ದಾಖಲೆ.

ಸರ್ಟಿಫಿಕೇಟ್‌ಗಳ ಮೇಲೆ ನಾನು ಜಾಸ್ತಿ ಹೊತ್ತು ಕಳೆಯುವುದಿಲ್ಲ. ಸೆಕ್ಯುರಿಟಿ ಪ್ಲಸ್ ಅಂದರೆ 90 ನಿಮಿಷದಲ್ಲಿ ಗರಿಷ್ಠ 90 ಪ್ರಶ್ನೆ. ಕೆಲವು ಪ್ರಶ್ನೆಗಳಲ್ಲಿ ಏನಾದರೂ ಮಾಡಿ ತೋರಿಸಬೇಕು, ಉಳಿದವು ಆಯ್ಕೆ ಪ್ರಶ್ನೆಗಳು. ಮೂರು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ, ಹಾಗಾಗಿ ತಾರೀಖು ನೋಡುತ್ತೇನೆ. ಸಿಇಎಚ್‌ನ ಮುಖ್ಯ ಪರೀಕ್ಷೆ 125 ಆಯ್ಕೆ ಪ್ರಶ್ನೆಗಳದ್ದು. ಕೈಯಾರೆ ಮಾಡಿ ತೋರಿಸುವ 6 ಗಂಟೆಯ ಪ್ರಾಕ್ಟಿಕಲ್ ಬೇರೆಯೇ ಇದೆ. ರೆಸ್ಯೂಮೆಯಲ್ಲಿ ಬರೀ "ಸಿಇಎಚ್" ಅಂತಿದ್ದರೆ ಮೊದಲನೆಯದು ಅಂತ ತಿಳಿದುಕೊಳ್ಳುತ್ತೇನೆ. ಗೂಗಲ್‌ನದು ಕೋರ್ಸ್ ಮುಗಿಸಿದ್ದಕ್ಕೆ ಸಿಗುವುದು, ಪರೀಕ್ಷಾ ಕೇಂದ್ರಕ್ಕೆ ಹೋಗಿ ಪಾಸಾದದ್ದಲ್ಲ. ಮೂರೂ ಸೇರಿ ನನಗೆ ಹೇಳುವುದು ಒಂದೇ: ಶಿಫ್ಟ್‌ನಲ್ಲಿ ನಾವು ಆಡುವ ಮಾತು ಈಕೆಗೆ ಅರ್ಥವಾಗುತ್ತದೆ. ಅದೂ ಬೇಕಾದದ್ದೇ. ಆದರೆ ಎರಡನೇ ಸರ್ಟಿಫಿಕೇಟ್ ಬಂದಾಗ ಆ ಮಾತು ಎರಡರಷ್ಟು ನಿಜ ಆಗುವುದಿಲ್ಲ.

ಇನ್ನು ಲ್ಯಾಬ್. ಇಲ್ಲಿ ಒಂದು ತೊಡಕಿದೆ. ಮನೆಯ ಲ್ಯಾಬ್‌ನಲ್ಲಿ ದಾಳಿ ಮಾಡಿದವರೂ ನೀವೇ, ಹಿಡಿದವರೂ ನೀವೇ. ಬರುವ ಪ್ರತಿ ಅಲರ್ಟ್ ನಿಜ ಅಂತ ಮೊದಲೇ ಗೊತ್ತಿರುತ್ತದೆ. ನಮ್ಮ ಶಿಫ್ಟ್‌ನಲ್ಲಿ ಪರಿಸ್ಥಿತಿ ತಿರುಗಾಮುರುಗಾ. ಬರುವ ಅಲರ್ಟ್‌ಗಳಲ್ಲಿ ಹೆಚ್ಚಿನವು ಏನೂ ಅಲ್ಲದವು. ಅವು ಏನೂ ಅಲ್ಲ ಅಂತ ಸಾಕ್ಷಿ ಸಮೇತ ಬರೆದು ಮುಚ್ಚುವುದೇ ಎಲ್1 ಕೆಲಸದ ದೊಡ್ಡ ಪಾಲು. ಅದೂ ಅಲ್ಲದೆ, ಹೀಗೆ ಪಾಸ್‌ವರ್ಡ್ ಮತ್ತೆ ಮತ್ತೆ ತಪ್ಪಾದರೆ ಎಚ್ಚರಿಸುವ ರೂಲ್ ವಾಜು ಜೊತೆಗೇ ಬರುತ್ತದೆ. ಇನ್‌ಸ್ಟಾಲ್ ಮಾಡಿದರೆ ಸಾಕು, ಅಲರ್ಟ್ ತಾನಾಗಿಯೇ ಏಳುತ್ತದೆ. ಹಾಗಾಗಿ "ಪತ್ತೆ ಹಚ್ಚಿದ್ದೇನೆ" ಅನ್ನುವ ಮಾತಿನಿಂದ ನನಗೆ ಏನೂ ಗೊತ್ತಾಗುವುದಿಲ್ಲ. ಅಲರ್ಟ್ ಬಂದ ಮೇಲೆ ಏನು ಮಾಡಿದರು ಅನ್ನುವುದು ಬೇಕು.

ಲಿಂಕ್ ತೆರೆದೆ. ಅಲ್ಲಿದ್ದ ಒಂದು ಸ್ಕ್ರೀನ್‌ಶಾಟ್‌ನಲ್ಲಿ ಮುಖ್ಯವಾದ ಸಾಲುಗಳು ಹೀಗಿದ್ದವು:

```
EventID:         4625
SystemTime:      2025-02-11T08:42:17Z
TargetUserName:  admin
LogonType:       3
SubStatus:       0xC0000064
IpAddress:       192.168.56.20
```

ಇದರಲ್ಲಿ ಕೇಳಬೇಕಾದದ್ದು ಬೇಕಾದಷ್ಟಿದೆ. ಅದಕ್ಕೇ ಫೋನ್ ಮಾಡಿದೆ.

ಮೊದಲ ಪ್ರಶ್ನೆ: "ಆರ್‌ಡಿಪಿ ದಾಳಿ ಅಂತೀರಿ. ಲಾಗಾನ್ ಟೈಪ್ 10 ಇರಬೇಕಲ್ವಾ, 3 ಯಾಕಿದೆ?" ಪುಸ್ತಕ ಓದಿ ಬಂದವರು ಇಲ್ಲಿ ಹೌದಲ್ಲ ಅಂತ ಗಾಬರಿಯಾಗುತ್ತಾರೆ. ಲಾಗಾನ್ ಟೈಪ್ ಅಂದರೆ ಲಾಗಿನ್ ಪ್ರಯತ್ನ ಯಾವ ಬಗೆಯದು ಅಂತ ಹೇಳುವ ಸಂಖ್ಯೆ, ಆರ್‌ಡಿಪಿ ಅಂದರೆ 10 ಅಂತ ಎಲ್ಲ ನೋಟ್ಸ್‌ನಲ್ಲೂ ಇದೆ. ಆದರೆ ಆರ್‌ಡಿಪಿಯ ಎನ್‌ಎಲ್‌ಎ ಅನ್ನುವ ಸೆಟ್ಟಿಂಗ್ ಆನ್ ಆಗಿದ್ದರೆ ಡೆಸ್ಕ್‌ಟಾಪ್ ತೆರೆಯುವ ಮೊದಲೇ ನೆಟ್‌ವರ್ಕ್ ಮೂಲಕ ಪಾಸ್‌ವರ್ಡ್ ಪರೀಕ್ಷೆ ಆಗುತ್ತದೆ. ಅಲ್ಲಿ ಸೋತರೆ ಲಾಗ್‌ನಲ್ಲಿ 3 ಅಂತಲೇ ಬೀಳುತ್ತದೆ. ಆಕೆ ಹೇಳಿದ್ದು: "ಸರ್, ನಾನೂ 10 ಅಂತ ಫಿಲ್ಟರ್ ಹಾಕಿ ಹುಡುಕಿದೆ, ಒಂದೂ ಸಿಗಲಿಲ್ಲ. ಫಿಲ್ಟರ್ ತೆಗೆದಾಗ 3ರಲ್ಲಿ ಕಾಣಿಸಿತು. ಆಮೇಲೆ ಎನ್‌ಎಲ್‌ಎ ಬಗ್ಗೆ ಓದಿದೆ."

ಎರಡನೆಯದು ಆ SubStatus. 0xC0000064 ಅಂದರೆ ಆ ಹೆಸರಿನ ಯೂಸರೇ ಇಲ್ಲ. ಇಲ್ಲದ ಯೂಸರ್‌ಗೆ ಎಷ್ಟು ಪಾಸ್‌ವರ್ಡ್ ಹಾಕಿದರೂ ಬಾಗಿಲು ತೆರೆಯುವುದಿಲ್ಲ. ಲ್ಯಾಬ್ ಬರಹಗಳಲ್ಲಿ ಇದು ತುಂಬಾ ಸಿಗುತ್ತದೆ. ವಿಡಿಯೋದಲ್ಲಿ ತೋರಿಸಿದ ಹಾಗೆ admin ಅಂತ ಹಾಕಿರುತ್ತಾರೆ, ಅವರ ಮಷಿನ್‌ನಲ್ಲಿ ಆ ಖಾತೆ ಇರುವುದೇ ಇಲ್ಲ. ಆದರೂ ಕೆಳಗೆ "ದಾಳಿ ಯಶಸ್ವಿ" ಅಂತ ಬರೆದಿರುತ್ತಾರೆ. ಈಕೆ ಆ ಕೋಡ್ ನೋಡಿಯೇ ತಿದ್ದಿಕೊಂಡಿದ್ದಳು. ನಿಜವಾದ ಖಾತೆಯ ಹೆಸರು ಕೊಟ್ಟಾಗ ಕೋಡ್ 0xC000006A ಆಯಿತು, ಅಂದರೆ ಹೆಸರು ಸರಿ, ಪಾಸ್‌ವರ್ಡ್ ತಪ್ಪು. ಪಟ್ಟಿಯಲ್ಲಿದ್ದ ಸರಿಯಾದ ಪಾಸ್‌ವರ್ಡ್ ಸಿಕ್ಕಾಗ ಅದೇ ಐಪಿಯಿಂದ 4624, ಅಂದರೆ ಲಾಗಿನ್ ಆದದ್ದರ ದಾಖಲೆ, ಬಿತ್ತು. ಹೇಳಿಕೊಡದೆಯೇ 4624ರ ಮಾತು ಎತ್ತಿದ್ದು ನನಗೆ ಹಿಡಿಸಿತು. ನೂರು ಸಲ ತಪ್ಪಿದ್ದಕ್ಕಿಂತ, ಆಮೇಲೆ ಒಂದು ಸಲ ಸರಿಯಾಯಿತಾ ಅನ್ನುವುದರ ಮೇಲೆ ಎಲ್2ನವರನ್ನು ರಾತ್ರಿ ಎಬ್ಬಿಸಬೇಕೋ ಬೇಡವೋ ಅನ್ನುವುದು ನಿಂತಿರುತ್ತದೆ.

ಆದರೆ ನಾನು ಫೋನ್ ಮಾಡಿದ್ದು ಈ ಸ್ಕ್ರೀನ್‌ಶಾಟ್‌ಗಾಗಿ ಮಾತ್ರ ಅಲ್ಲ. ಅದೇ ಪುಟದ ಕೊನೆಗೆ ಒಂದು ಚಿಕ್ಕ ಪ್ಯಾರಾ ಇತ್ತು. ದಾಳಿ ನಿಲ್ಲಿಸಿದ ಮೇಲೂ 4625 ಬರುತ್ತಲೇ ಇದ್ದವಂತೆ. ನೋಡಿದರೆ ಐಪಿ ಕಾಲಿಯದಲ್ಲ, ಆಕೆಯ ಸ್ವಂತ ಲ್ಯಾಪ್‌ಟಾಪ್‌ನದು. ಶೇರ್ಡ್ ಫೋಲ್ಡರ್‌ಗೆ ಹಿಂದೆ ಸೇವ್ ಮಾಡಿದ್ದ ಪಾಸ್‌ವರ್ಡ್ ಹಳೆಯದಾಗಿತ್ತು, ಲ್ಯಾಪ್‌ಟಾಪ್ ಅದನ್ನೇ ಮತ್ತೆ ಮತ್ತೆ ಕಳಿಸುತ್ತಿತ್ತು. ಒಬ್ಬನೇ ಯೂಸರ್, ಒಂದೇ ಮಷಿನ್, ಹೆಚ್ಚುಕಮ್ಮಿ ಒಂದೇ ಅಂತರ, ಕೋಡ್ ಯಾವಾಗಲೂ 0xC000006A. ಸೇವ್ ಆಗಿದ್ದ ಪಾಸ್‌ವರ್ಡ್ ಅಳಿಸಿದಾಗ ನಿಂತುಹೋಯಿತು.

ನಮ್ಮಲ್ಲಿ ಯಾರಾದರೂ ಪಾಸ್‌ವರ್ಡ್ ಬದಲಿಸಿದ ಮರುದಿನ ಇದೇ ಕಥೆ. ಮ್ಯಾಪ್ ಮಾಡಿದ ಡ್ರೈವ್, ಹಳೇ ಶೆಡ್ಯೂಲ್ಡ್ ಟಾಸ್ಕ್, ಇನ್ಯಾವುದೋ ಸರ್ವಿಸ್ ಹಳೆಯ ಪಾಸ್‌ವರ್ಡನ್ನೇ ಹಿಡಿದುಕೊಂಡು ಬಡಿಯುತ್ತಿರುತ್ತವೆ. ನಿಜವಾದ ದಾಳಿಯ ರೂಪವೇ ಬೇರೆ. ಪಾಸ್‌ವರ್ಡ್ ಸ್ಪ್ರೇಯಲ್ಲಿ ಒಂದು ಐಪಿಯಿಂದ ಬೇಕಾದಷ್ಟು ಯೂಸರ್‌ಗಳ ಮೇಲೆ ಒಂದೊಂದೇ ಪ್ರಯತ್ನ ಬೀಳುತ್ತದೆ, ನಡುನಡುವೆ ಇಲ್ಲದ ಹೆಸರುಗಳೂ ಬರುತ್ತವೆ. ಈ ಎರಡನ್ನೂ ಬೇರೆ ಮಾಡಿ ನೋಡಲು ಬಂದರೆ ಪೋಸ್ಟಿಂಗ್‌ನ ಮೊದಲ ಸಾಲಿಗೆ ಪುರಾವೆ ಸಿಕ್ಕಿತು ಅಂತ ಅರ್ಥ. ವಿಚಿತ್ರ ಅಂದರೆ, ಆಕೆ ಇದನ್ನು ರೆಸ್ಯೂಮೆಯಲ್ಲಿ ಹಾಕಿಯೇ ಇರಲಿಲ್ಲ. "ಅದು ದಾಳಿ ಅಲ್ಲವಲ್ಲ ಸರ್, ಅದಕ್ಕೇ ಬಿಟ್ಟೆ" ಅಂದಳು.

ಟಿಕೆಟ್ ಬರೆಯುವುದನ್ನು ನೋಡಲು, ಆಕೆಯದೇ ಲಾಗ್ ಮೇಲೆ ಎಲ್2ಗೆ ಒಂದು ನೋಟ್ ಬರೆದು ಮೇಲ್ ಮಾಡಿ ಅಂದೆ. ಯಾವ ಮಷಿನ್, ಯಾವ ಯೂಸರ್, ಎಲ್ಲಿಂದ, ಯಾವಾಗಿನಿಂದ, ಲಾಗಿನ್ ಆಯಿತೋ ಇಲ್ಲವೋ, ಎಲ್ಲ ಇತ್ತು. ಸಮಯದ ಪಕ್ಕ "14:12 ಐಎಸ್‌ಟಿ, ಲಾಗ್‌ನಲ್ಲಿ 08:42 ಯುಟಿಸಿ" ಅಂತ ಎರಡೂ ಇತ್ತು. ವಿಂಡೋಸ್ ಲಾಗ್‌ನ ಒಳಗೆ ಸಮಯ ಯುಟಿಸಿಯಲ್ಲಿರುತ್ತದೆ, ಕೊನೆಯ Z ಅದರ ಗುರುತು. ಡ್ಯಾಶ್‌ಬೋರ್ಡ್ ನಮ್ಮ ಸಮಯ ತೋರಿಸುತ್ತದೆ. ಐದೂವರೆ ಗಂಟೆಯ ಈ ಗೊಂದಲದಿಂದ ಎರಡು ಬೇರೆ ಘಟನೆ ಅಂತ ತಿಳಿದು ಎರಡು ಟಿಕೆಟ್ ತೆರೆದವರನ್ನು ಕಂಡಿದ್ದೇನೆ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸೆಕ್ಯುರಿಟಿ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಅದು ಪಟ್ಟಿ ಮಾಡಿದ ಘಟನೆಗಳನ್ನು, ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ಅದರಲ್ಲಿ ಐದೂವರೆ ಗಂಟೆ ಲೆಕ್ಕ ತಪ್ಪಿದರೆ ಉಳಿಯುವುದೇನು?

ಇಲ್ಲದ್ದೂ ಇತ್ತು. ಫಿಶಿಂಗ್ ಬಗ್ಗೆ ಲ್ಯಾಬ್‌ನಲ್ಲಿ ಒಂದು ಸಾಲೂ ಇರಲಿಲ್ಲ. ಮೇಲ್ ಹೆಡರ್ ಓದುವ ಬಗ್ಗೆ ಕೇಳಿದಾಗ ಕಳಿಸಿದ ಸರ್ವರ್‌ಗೆ ಅನುಮತಿ ಇದೆಯೇ ಅಂತ ನೋಡುವ ಎಸ್‌ಪಿಎಫ್ ಎಂದರೇನು ಅಂತ ಸರಿಯಾಗಿ ಹೇಳಿದಳು, ಆದರೆ ನಿಜವಾದ ಹೆಡರ್ ಮುಂದಿಟ್ಟರೆ, ಮೇಲ್ ದಾಟಿ ಬಂದ ಸರ್ವರ್‌ಗಳು ಸೇರಿಸುವ ರಿಸೀವ್ಡ್ ಸಾಲುಗಳಲ್ಲಿ ಯಾವುದರಿಂದ ಶುರು ಮಾಡಬೇಕು ಅಂತ ತಿಳಿಯಲಿಲ್ಲ. ಸರ್ಟಿಫಿಕೇಟ್ ಎಲ್ಲಿಯವರೆಗೆ ಕರೆದೊಯ್ಯುತ್ತದೆ ಅನ್ನುವುದು ಇಲ್ಲಿ ಕಾಣುತ್ತದೆ. ಎಲ್ಲ ಮಷಿನ್‌ಗಳ ಲಾಗಿನ್ ಒಂದೇ ಕಡೆಯಿಂದ ನಡೆಸುವ ವಿಂಡೋಸ್ ಡೊಮೇನ್ ಕೂಡ ಇರಲಿಲ್ಲ. ಲ್ಯಾಬ್‌ನಲ್ಲಿ ಒಂಟಿ ವಿಂಡೋಸ್ ಮಷಿನ್ ಮಾತ್ರ. ನಮ್ಮಂಥ ಕಡೆ ಕರ್ಬರೋಸ್‌ನಲ್ಲಿ ತಪ್ಪಿದ ಪಾಸ್‌ವರ್ಡ್ ಡೊಮೇನ್ ಕಂಟ್ರೋಲರ್‌ನಲ್ಲಿ 4771 ಆಗಿ ಕಾಣಿಸುತ್ತದೆ, ಅದನ್ನು ಆಕೆ ನೋಡಿಯೇ ಇರಲಿಲ್ಲ. ಪೋಸ್ಟಿಂಗ್‌ನಲ್ಲಿ ಸ್ಪ್ಲಂಕ್ ಅಂತಿತ್ತು, ಆಕೆಯದು ವಾಜು. ಈ ಕೊನೆಯದನ್ನು ನಾನು ಕೊರತೆ ಅಂತ ಎಣಿಸಲಿಲ್ಲ. ಯಾವ ಫೀಲ್ಡ್ ನೋಡಬೇಕು ಅಂತ ಗೊತ್ತಿದ್ದವರಿಗೆ ಹುಡುಕುವ ಭಾಷೆ ಕಲಿಸುವುದು ಕಷ್ಟವಲ್ಲ.

ಅದೇ ಸುತ್ತಿನಲ್ಲಿ ಇನ್ನೊಬ್ಬರ ರೆಸ್ಯೂಮೆಯಲ್ಲಿ ಇದರ ಎರಡರಷ್ಟು ಸರ್ಟಿಫಿಕೇಟ್ ಇತ್ತು. ಲ್ಯಾಬ್ ಬದಲು ಟ್ರೈಹ್ಯಾಕ್‌ಮಿ ಅನ್ನುವ ಆನ್‌ಲೈನ್ ಅಭ್ಯಾಸ ತಾಣದ ಬ್ಯಾಡ್ಜ್‌ಗಳ ಸಾಲು. ಅಲ್ಲಿನ ರೂಮ್‌ಗಳು ಒಳ್ಳೆಯವೇ, ನಮ್ಮ ಹುಡುಗರಿಗೂ ಕೊಡುತ್ತೇನೆ. ಆದರೆ ಅಲ್ಲಿ ಪ್ರಶ್ನೆಯೇ ದಾರಿ ತೋರಿಸುತ್ತದೆ: ಈ ಫೈಲ್‌ನ ಹ್ಯಾಶ್ ಏನು, ಆ ಐಪಿ ಯಾವುದು. ಶಿಫ್ಟ್‌ನಲ್ಲಿ ಪ್ರಶ್ನೆಯನ್ನು ನಾವೇ ಹಾಕಿಕೊಳ್ಳಬೇಕು. ಇತ್ತೀಚೆಗೆ ನೋಡಿದ ಒಂದು ಅಲರ್ಟ್ ಬಗ್ಗೆ ಹೇಳಿ ಅಂದಾಗ ಅವರು ರೂಮ್‌ನ ಹೆಸರು ಹೇಳಿದರು, ಅದರೊಳಗೆ ಏನಾಯಿತು ಅಂತ ಹೇಳಲಾಗಲಿಲ್ಲ.

ಹುಡುಗಿಯನ್ನೇ ತೆಗೆದುಕೊಂಡೆವು. ಮೊದಲ ವಾರಗಳಲ್ಲಿ ಫಿಶಿಂಗ್ ಸಾಲಿನಲ್ಲಿ ಹಿರಿಯರೊಬ್ಬರ ಪಕ್ಕ ಕೂರಿಸುವುದು ಅಂತ ಎಚ್‌ಆರ್‌ಗೆ ಕೊಟ್ಟ ಟಿಪ್ಪಣಿಯಲ್ಲೇ ಬರೆದಿದ್ದೆ. ಪೋಸ್ಟಿಂಗ್‌ನಿಂದ ಸಿಐಎಸ್‌ಎಸ್‌ಪಿ ಸಾಲು ತೆಗೆಸಿ, "ಏನೂ ಅಲ್ಲ ಅಂತ ನೀವು ಮುಚ್ಚಿದ ಒಂದು ಅಲರ್ಟ್ ಬಗ್ಗೆ ಅರ್ಧ ಪುಟ ಬರೆದು ಕಳಿಸಿ" ಅಂತ ಹಾಕಿಸಿದ್ದೇನೆ. ಈಗ ಬರುವ ಅರ್ಧ ಪುಟಗಳಲ್ಲಿ ಕೆಲವು ನಕಲು. ಒಂದೇ ವಿಡಿಯೋದ ಐಪಿ, ಅದೇ ಯೂಸರ್ ಹೆಸರು, ಸ್ಕ್ರೀನ್‌ಶಾಟ್‌ನ ಮೂಲೆಯಲ್ಲಿ ಅಮೆರಿಕದ ತಾರೀಖು ಕ್ರಮ. ಅಂಥವರಿಗೂ ಫೋನ್ ಮಾಡಿ SubStatus ಏನಿತ್ತು ಅಂತ ಒಂದು ಮಾತು ಕೇಳಿಯೇ ಬಿಡುತ್ತೇನೆ.