ಅಜ್ಜಿ ಮುಖ ಮುಟ್ಟದೆ ಸೀರೆ ಬದಲಾಯ್ಸಿದ್ದು

ಹುತ್ತರಿಗೆ ಅಜ್ಜಿಗೊಂದು ಮೈಸೂರು ಸಿಲ್ಕ್ ಕೊಡ್ಸೋಣ ಅಂತ ನಾನೂ ಅಕ್ಕನೂ ಮಾತಾಡ್ಕೊಂಡಿದ್ವಿ, ಆದ್ರೆ ಅಜ್ಜೀನ ಅಂಗಡಿಗೆ ಕರ್ಕೊಂಡು ಹೋದ್ರೆ ರೇಟು ನೋಡಿ "ನಂಗ್ಯಾಕೆ ಮಕ್ಳೇ ಇದೆಲ್ಲ" ಅಂತ ಎದ್ದು ಬರೋದು ಗ್ಯಾರಂಟಿ. ಅದಕ್ಕೆ ಅಕ್ಕ ಮಡಿಕೇರಿ ಅಂಗಡಿಯಿಂದ ಕಡು ಹಸಿರು, ಬದನೆಕಾಯಿ ಬಣ್ಣ, ಅರಿಶಿನ, ಮೂರು ಸೀರೆ ಫೋಟೋ ಕಳ್ಸಿದ್ಲು. ಜಗುಲೀಲಿ ಕೂತಿದ್ದ ಅಜ್ಜಿ ಫೋಟೋ ನನ್ನ ಹತ್ರ ಇತ್ತು, ಎಐ ಎಡಿಟರಲ್ಲಿ ಉಡಿಸಿ ನೋಡೋಣ ಅಂತ ಕೂತೆ.

ಬರೀ "ಸೀರೆ ಬದಲಾಯ್ಸು" ಅಂದ್ರೆ ಅದು ಇಡೀ ಫೋಟೋನೇ ಹೊಸದಾಗಿ ಬರೆಯುತ್ತೆ. ಸೀರೆ ಚೆನ್ನಾಗೇ ಬಂತು, ಉಟ್ಕೊಂಡಿದ್ದು ಮಾತ್ರ ಯಾರೋ ಸೀರಿಯಲ್ ಅತ್ತೆ. ಅಜ್ಜಿ ತುಟಿ ಮುಚ್ಕೊಂಡು ಒಂದೇ ಕಡೆ ನಗೋದು, ಇಲ್ಲಿ ಸಾಲಾಗಿ ಹಲ್ಲು! "ಸುಕ್ಕು ಹಾಗೇ ಇರ್ಲಿ" ಅಂತ ಸೇರಿಸಿದ್ರೆ ಸುಕ್ಕು ಬಂತು, ಆದ್ರೆ ಅದು ಅಜ್ಜಿದಲ್ಲ, ಎಡಗಣ್ಣಿನ ಕೆಳಗಿನ ಆ ಆಳವಾದ ಗೆರೆ ಇಲ್ದೆ ಹಣೆ ತುಂಬಾ ಹೊಸ ಗೆರೆ. ಮಾತಲ್ಲಿ ಹೇಳಿ ಆಗೋ ಕೆಲ್ಸ ಅಲ್ಲ ಇದು, ಮುಖ ಅದರ ಕೈಗೇ ಸಿಗಬಾರದು.

ಹಂಗಾಗಿ ಸೀರೆ ಇರೋ ಜಾಗಕ್ಕೆ ಮಾತ್ರ ಬೆರಳಲ್ಲಿ ಮಾಸ್ಕ್, ಅಂದ್ರೆ ಇಷ್ಟು ಜಾಗ ಮಾತ್ರ ಬದಲಾಯ್ಸು ಅನ್ನೋ ಗುರುತು, ಬಳಿದೆ. ಅಂಚು ಕತ್ತಿನ ಚರ್ಮದ ಮೇಲೆ ಬಂದ್ರೆ ಹೊಸ ಚರ್ಮದ ಬಣ್ಣ ಬೇರೆಯಾಗಿ ಪಟ್ಟಿ ಥರ ಕಾಣುತ್ತೆ, ಅದಕ್ಕೆ ರವಿಕೆ ಬಟ್ಟೆ ಮೇಲೇ ನಿಲ್ಲಿಸ್ದೆ. ಮಡಿಲಲ್ಲಿದ್ದ ಕೈಗಳನ್ನೂ ಬಿಟ್ಟೆ, ನರ ಎದ್ದ ಆ ಕೈ ನೋಡಿದ್ರೇ ನಮ್ಮಜ್ಜಿ ಅಂತ ಗೊತ್ತಾಗ್ಬೇಕು. ಕೆಲವು ಆ್ಯಪ್ ಮಾಸ್ಕ್ ಹೊರಗಿನದನ್ನೂ ಸ್ವಲ್ಪ ಮಸುಕು ಮಾಡ್ತವೆ, ಅದಕ್ಕೆ ಕೊನೇಲಿ ಹಳೇ ಫೋಟೋದ ಮುಖ, ಕೈನ ಮೇಲಿನ ಲೇಯರಾಗಿ ಇಟ್ಟು, ಅದನ್ನ ಆನ್ ಆಫ್ ಮಾಡಿ ನೋಡ್ದೆ. ಕಣ್ಣ ಹತ್ರ ಏನಾದ್ರೂ ಅಲುಗಾಡಿದ್ರೆ ಮುಖ ಬದಲಾಗಿದೆ ಅಂತ ಅರ್ಥ.

ಇನ್ನೊಂದು ತಲೆನೋವು ಉಡೋ ರೀತಿ. ಅಜ್ಜಿ ಉಡೋದು ಕೊಡಗಿನ ಶೈಲೀಲಿ, ನೆರಿಗೆ ಹಿಂದೆ, ಸೆರಗು ಎಡಗೈ ಕೆಳಗಿಂದ ಬಂದು ಬಲ ಹೆಗಲಿಗೆ ಪಿನ್. ಎಡಿಟರ್ ಎಷ್ಟು ಸಲ ಮಾಡಿದ್ರೂ ಸೆರಗನ್ನ ಎಡ ಹೆಗಲಿಗೇ ಹಾಕಿ ಮುಂದೆ ನೆರಿಗೆ ಹಿಡೀತು. ಕೊನೆಗೆ ಹಳೇ ಸೀರೆಯ ಮಡಿಕೆ, ನೆರಳು ಹಾಗೇ ಬಿಟ್ಟು ಬಣ್ಣ, ಬಾರ್ಡರ್ ಮಾತ್ರ ಬದಲಾಯ್ಸೋಕೆ ಹೇಳಿ, ಬದಲಾವಣೆ ಪ್ರಮಾಣ ಕಮ್ಮಿ ಇಟ್ಟ ಮೇಲೆ ಸರಿಹೋಯ್ತು.

ಬಣ್ಣ ನಂಬೋ ಹಾಗಿರಲಿಲ್ಲ, ಅಂಗಡಿ ಹಳದಿ ಲೈಟಲ್ಲಿ ಹಸಿರು ಎಲೆಕೋಸಿನ ಥರ ಇತ್ತು. ಅಕ್ಕಂಗೆ ಸೀರೇನ ಬಾಗಿಲ ಹತ್ರ ತಂದು, ಪಕ್ಕದಲ್ಲಿ ಬಿಳಿ ಹಾಳೆ ಇಟ್ಟು ತೆಗಿ ಅಂದೆ, ಹಾಳೆ ಬಿಳಿ ಕಾಣೋವರೆಗೂ ಸರಿ ಮಾಡಿ ಮತ್ತೆ ಹಾಕ್ದೆ. ಅರಿಶಿನದಲ್ಲಿ ಅಜ್ಜಿ ಮುಖ ಕಳೆಗುಂದಿತು, ಬದನೆಕಾಯಿ ಬಣ್ಣ ಪರವಾಗಿಲ್ಲ, ಹಸಿರಲ್ಲಿ ಬೆಳ್ಳಿ ಕೂದಲು ಎದ್ದು ಕಾಣ್ತು.

ಹಸಿರೇ ತಗೊಂಡ್ವಿ. ತೂಕ ಫೋಟೋದಲ್ಲಿ ಗೊತ್ತಾಗಲ್ವಲ್ಲ, ಅದನ್ನ ಅಕ್ಕ ಹೆಗಲ ಮೇಲೆ ಹಾಕ್ಕೊಂಡು ನೋಡಿ ಹಗುರ ಇದೆ ಅಂದ್ಮೇಲೇ ದುಡ್ಡು ಕೊಟ್ಟಿದ್ದು.