ಬೀದರಿನಿಂದ ಕಲಬುರಗಿಗೆ: ಬಸ್ ಸ್ಟ್ಯಾಂಡಿಗೂ ಮೊದಲೇ ಇಳಿಯಬೇಕಾದ ಮನೆ

ಚಿಗವ್ವನ ಮಗಳು ಕಲಬುರಗಿಯಲ್ಲಿ ಹೊಸ ಮನೆ ಕಟ್ಟಿಸಿದ್ದಾಳೆ. ವಾಸ್ತುಶಾಂತಿಗೆ ಕರೆದಾಗ ವಿಳಾಸ ಕೇಳಿದೆ. "ರಿಂಗ್ ರೋಡ್ ಹತ್ರನೇ ಅದ ಅಣ್ಣಾ, ಯಾರಿಗೆ ಕೇಳಿದ್ರೂ ಹೇಳ್ತಾರ" ಅಂದಳು. ಅಷ್ಟನ್ನೇ ನಂಬಿ ಬೀದರಿನಿಂದ ಬಸ್ ಹತ್ತಿದೆ, ಕೇಂದ್ರ ಬಸ್ ನಿಲ್ದಾಣದಲ್ಲಿ ಇಳಿದೆ, ಆಟೋದವರಿಗೂ ರಿಂಗ್ ರೋಡ್ ಎಂದೇ ಹೇಳಿದೆ. ಅವರು ಕರೆದುಕೊಂಡು ಹೋಗಿದ್ದು ಜೇವರ್ಗಿ ರಸ್ತೆಯ ಕಡೆಗೆ. ಮನೆ ಇದ್ದದ್ದು ಸೇಡಂ ರಸ್ತೆಯ ಕಡೆ. ಊರಿನ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಬರುವಷ್ಟರಲ್ಲಿ ಪೂಜೆ ಮುಗಿದಿತ್ತು.

ಕಲಬುರಗಿಗೆ ಹೊಸದಾಗಿ ಬರುವವರು ತಿಳಿದಿರಬೇಕಾದ ಮಾತು ಇದು: ರಿಂಗ್ ರೋಡ್ ಅನ್ನುವುದು ಒಂದು ಜಾಗವಲ್ಲ. ಅದು ಊರನ್ನು ಬಳಸಿಕೊಂಡು ಹೋಗುತ್ತ ಹುಮನಾಬಾದ್ ರಸ್ತೆ, ಸೇಡಂ ರಸ್ತೆ, ಜೇವರ್ಗಿ ರಸ್ತೆ, ಆಳಂದ ರಸ್ತೆ ಎಲ್ಲವನ್ನೂ ಕತ್ತರಿಸುತ್ತದೆ. ಊರಿನವರು ಹುಮನಾಬಾದ್ ರಿಂಗ್ ರೋಡ್, ಸೇಡಂ ರಿಂಗ್ ರೋಡ್ ಎಂದು ಬೇರೆಬೇರೆಯಾಗಿಯೇ ಕರೆಯುತ್ತಾರೆ. ಯಾವ ರಸ್ತೆಯ ರಿಂಗ್ ರೋಡ್ ಎಂದು ಗೊತ್ತಾಗುವ ತನಕ ಎಲ್ಲಿ ಇಳಿಯಬೇಕೆಂದು ತೀರ್ಮಾನಿಸಲು ಬರುವುದಿಲ್ಲ.

ಎರಡನೇ ಸಲ ಅವ್ವನನ್ನು ಕರೆದುಕೊಂಡು ಹೋಗಬೇಕಿತ್ತು. ಅವಳಿಗೆ ಮೊಣಕಾಲು ನೋವು, ಬಹಳ ನಡೆಯಲಾರಳು. ಈ ಸಲ ಮೊದಲು ತಂಗಿಗೆ ಫೋನ್ ಮಾಡಿ, ಮನೆಯ ಬಾಗಿಲ ಮುಂದೆ ನಿಂತೇ ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಲು ಹೇಳಿದೆ. ಬಡಾವಣೆಯ ಹೆಸರು ಹುಡುಕಿ ಕಳಿಸಿದರೆ ಪಿನ್ ಬಡಾವಣೆಯ ನಡುವೆ ಎಲ್ಲೋ ಬೀಳುತ್ತದೆ. "Send your current location" ಒತ್ತುವ ಮೊದಲು ಅದರ ಕೆಳಗೆ "Accurate to" ಎಂದು ಮೀಟರ್ ಲೆಕ್ಕ ಕಾಣಿಸುತ್ತದೆ. ಮನೆಯೊಳಗೆ ಕುಳಿತು ನೋಡಿದರೆ ಆ ಸಂಖ್ಯೆ ದೊಡ್ಡದಿರಬಹುದು, ಅಂಗಳಕ್ಕೆ ಬಂದು ಒಂದೆರಡು ನಿಮಿಷ ಕಾದರೆ ಇಳಿಯುತ್ತದೆ. ಇಳಿದ ಮೇಲೆಯೇ ಕಳಿಸಬೇಕು.

ಆ ಪಿನ್ ಇಟ್ಟುಕೊಂಡು ನಕ್ಷೆ ನೋಡಿದಾಗ ನನ್ನ ಮೊದಲ ತಪ್ಪು ಕಣ್ಣಿಗೆ ಬಿತ್ತು. ಬೀದರ್ ಬಸ್ಸು ಹುಮನಾಬಾದ್, ಕಮಲಾಪುರದ ಮೇಲೆ ಬಂದು ಹುಮನಾಬಾದ್ ರಸ್ತೆಯಿಂದ ಊರೊಳಗೆ ಹೋಗುತ್ತದೆ. ಬಸ್ ನಿಲ್ದಾಣ ಊರ ಒಳಗಿದೆ. ಅಲ್ಲಿಗೆ ಹೋಗಿ ಸೇಡಂ ರಸ್ತೆಗೆ ಬರಬೇಕೆಂದರೆ ಪಟೇಲ್ ವೃತ್ತದ ದಟ್ಟಣೆ ದಾಟಿ, ಬಂದ ದಿಕ್ಕಿಗೇ ತಿರುಗಿ ಹೋಗಬೇಕು. ಅದರ ಬದಲು ಬಸ್ಸು ರಿಂಗ್ ರೋಡ್ ದಾಟುವಲ್ಲೇ ಇಳಿದರೆ ಊರೊಳಗೆ ಹೋಗುವ ಕೆಲಸವೇ ಇಲ್ಲ. ಊರ ಕಡೆ ಮುಖ ಮಾಡಿ ನಿಂತರೆ ಎಡಕ್ಕೆ ಹೋಗುವ ರಿಂಗ್ ರೋಡ್ ಸೇಡಂ ರಸ್ತೆ ಸೇರುತ್ತದೆ, ಬಲಕ್ಕೆ ಹೋದದ್ದು ಆಳಂದ ರಸ್ತೆಗೆ. ಆಟೋ ಹತ್ತುವಾಗ ಇದು ತಲೆಯಲ್ಲಿರಲಿ.

ಟಿಕೆಟ್ ತೆಗೆಸುವಾಗಲೇ ಕಂಡಕ್ಟರ್‌ಗೆ ಹೇಳಿದೆ. "ರಿಂಗ್ ರೋಡ್ ಅಂದ್ರ ಯಾವ್ದರಿ? ಹುಮನಾಬಾದ್ ರಿಂಗ್ ರೋಡೇನು? ಸ್ವಲ್ಪ ಮುಂಚೆ ಬಾಗಿಲ ಹತ್ರ ಬರ್ರಿ, ಅಜ್ಜಿ ಇದ್ದಾರ, ನಿಲ್ಲಸ್ತೀನಿ" ಅಂದರು. ಎಲ್ಲ ಬಸ್ಸೂ ಅಲ್ಲಿ ನಿಲ್ಲುತ್ತದೆಂದು ಗ್ಯಾರಂಟಿ ಇಲ್ಲ, ಅದರಲ್ಲೂ ಎಕ್ಸ್‌ಪ್ರೆಸ್. ಹತ್ತುವ ಮುಂಚೆಯೇ ಕೇಳಿಕೊಳ್ಳುವುದು ಒಳ್ಳೆಯದು. ಮಹಾಗಾಂವ ಕ್ರಾಸ್ ದಾಟಿತೆಂದರೆ ಇನ್ನು ನಿದ್ದೆ ಮಾಡಬೇಡಿ. ಊರು ಹತ್ತಿರವಾಗುತ್ತಿದ್ದಂತೆ ಇನ್ನೊಮ್ಮೆ ನೆನಪಿಸಿ, ಚೀಲ ಕೈಗೆ ತೆಗೆದುಕೊಳ್ಳಿ.

ಇಳಿದ ಮೇಲಿನ ಕೊನೆಯ ತುಂಡು ದಾರಿಯಲ್ಲೂ ಒಂದು ತೊಡಕಿತ್ತು. ನಕ್ಷೆ ನಮ್ಮನ್ನು ಬಡಾವಣೆಯ ಹಿಂಬದಿಗೆ ತಂದು ನಿಲ್ಲಿಸಿತು. ತಂಗಿಯ ಮನೆಯ ನೀರಿನ ಟ್ಯಾಂಕಿ ಕಾಣುತ್ತಿದೆ, ನಡುವೆ ಆಳೆತ್ತರದ ಕಾಂಪೌಂಡು. ಬಾಗಿಲು ಇದ್ದದ್ದು ಮುಖ್ಯರಸ್ತೆಯ ಕಡೆ ಮಾತ್ರ. ಆಟೋ ಬಿಟ್ಟಿರಲಿಲ್ಲವಾದ್ದರಿಂದ ಸುತ್ತಿ ಹೋದೆವು. ಇಲ್ಲದಿದ್ದರೆ ಅವ್ವ ಆ ಬಿಸಿಲಲ್ಲಿ ಅಷ್ಟು ದೂರ ನಡೆಯಬೇಕಾಗುತ್ತಿತ್ತು. ಈಗ ಯಾರ ಮನೆಗೆ ಹೋದರೂ ಪಿನ್ ಜೊತೆಗೆ ಇನ್ನೊಂದು ಕೇಳುತ್ತೇನೆ: ಆಟೋ ಯಾವ ರಸ್ತೆಯಿಂದ ಒಳಗೆ ತಿರುಗಬೇಕು, ತಿರುಗುವಲ್ಲಿ ಏನಿದೆ? ತಂಗಿ ಹೇಳಿದ್ದು "ಮೂಲ್ಯಾಗ ಹಿಟ್ಟಿನ ಗಿರಣಿ ಅದ" ಅಂತ. ಗಿರಣಿಯ ಸದ್ದು ರಸ್ತೆಗೇ ಕೇಳುತ್ತದೆ, ತಪ್ಪುವ ಪ್ರಶ್ನೆಯೇ ಇಲ್ಲ.

ಸೇಡಂ ಕಡೆಯಿಂದ ಬರುವವರಿಗೆ ಇದು ಇನ್ನೂ ಸಲೀಸು. ಗುಲಬರ್ಗಾ ವಿಶ್ವವಿದ್ಯಾಲಯ, ಇಎಸ್‌ಐ ಆಸ್ಪತ್ರೆ, ಜಿಮ್ಸ್ ವೈದ್ಯಕೀಯ ಕಾಲೇಜು ಎಲ್ಲವೂ ಸೇಡಂ ರಸ್ತೆಯಲ್ಲೇ ಇವೆ. ಅಲ್ಲಿಗೆ ಹೋಗಬೇಕಾದವರು ಬಸ್ ನಿಲ್ದಾಣದ ತನಕ ಹೋಗಿ ತಿರುಗಿ ಬರಬೇಕಾಗಿಲ್ಲ.

ಆದರೆ ರಾತ್ರಿ ಹೊತ್ತು ಬಂದರೆ ನಾನು ರಿಂಗ್ ರೋಡಿನಲ್ಲಿ ಇಳಿಯುವುದಿಲ್ಲ. ಭಾರಿ ಲಾರಿಗಳು ಓಡಾಡುವ ರಸ್ತೆ ಅದು, ಆಟೋ ಸಿಗುತ್ತದೋ ಇಲ್ಲವೋ ಹೇಳಲಾಗದು. ಆಗ ಸುತ್ತಾದರೂ ಬಸ್ ನಿಲ್ದಾಣಕ್ಕೇ ಹೋಗಿ, ಬೆಳಕಿನಲ್ಲಿ ನಿಂತು, "ಸೇಡಂ ರಿಂಗ್ ರೋಡ್" ಎಂದು ಪೂರ್ತಿ ಹೇಳಿ, ಬಾಡಿಗೆ ಮಾತಾಡಿಕೊಂಡೇ ಆಟೋ ಹತ್ತುತ್ತೇನೆ.