ಸ್ಟಾರ್ಟ್, ಎಂಡ್ ಮತ್ತು ಆಹ್ವಾನ ಪತ್ರಿಕೆಯ ಗಾಂಭೀರ್ಯ

"ಇಂಗ್ಲಿಷ್ ಆಹ್ವಾನ ಪತ್ರಿಕೆಯಲ್ಲಿ ಸ್ಟಾರ್ಟ್, ಎಂಡ್ ಎಂದರೆ ಸಪ್ಪೆ ಅನ್ನಿಸುತ್ತದೆ. ಕಮೆನ್ಸ್, ಕನ್‌ಕ್ಲೂಡ್ ಎಂದು ಹಾಕೋಣವೇ, ಬೇರೆ ಪದಗಳಿವೆಯೇ?"

ಹಾಕಬಹುದು, ಆದರೆ ಎಲ್ಲ ಕಡೆಯೂ ಅಲ್ಲ. ಕಮೆನ್ಸ್ ಎಂಬುದು ಔಪಚಾರಿಕ ಪದವಾದ್ದರಿಂದ ಪದವಿ ಪ್ರದಾನ, ವಿಚಾರ ಸಂಕಿರಣಗಳಂತಹ ಸಮಾರಂಭಗಳಿಗೆ ಒಪ್ಪುತ್ತದೆ. ಮಗುವಿನ ಹುಟ್ಟುಹಬ್ಬದ ಕಾರ್ಡಿನಲ್ಲಿ ಅದು ಸರ್ಕಾರಿ ಸುತ್ತೋಲೆಯಂತೆ ಕೇಳುತ್ತದೆ. ಎರಡರ ನಡುವೆ ಬಿಗಿನ್ ಎಂಬ ಪದವಿದೆ. ಸ್ಟಾರ್ಟ್‌ಗಿಂತ ಮೃದು, ಕಮೆನ್ಸ್‌ಗಿಂತ ಸರಳವಾದ ಇದನ್ನು ಹೆಚ್ಚಿನ ಆಹ್ವಾನಗಳಲ್ಲಿ ನಾನು ಇದ್ದಂತೆಯೇ ಬಿಡುತ್ತೇನೆ.

ಕಾಲೇಜೊಂದು ಕರಡು ತಿದ್ದಲು ಕೊಟ್ಟ ಒಂದು ದಿನದ ಕಾರ್ಯಾಗಾರದ ವೇಳಾಪಟ್ಟಿಯಲ್ಲಿ 9 ಗಂಟೆಯ ನೋಂದಣಿ, 10ರ ಉದ್ಘಾಟನೆ, 1.15ರ ಊಟ, 4.30ರ ಸಮಾರೋಪ, ಹೀಗೆ ಪ್ರತಿ ಸಾಲಿನಲ್ಲೂ ಕಮೆನ್ಸಸ್ ಎಂದಿತ್ತು. ಎಡಕ್ಕೆ ಸಮಯ, ಬಲಕ್ಕೆ ಕಾರ್ಯಕ್ರಮದ ಹೆಸರು ಇರುವಾಗ ಕ್ರಿಯಾಪದವೇ ಬೇಕಾಗಿಲ್ಲವಾದ್ದರಿಂದ ಅವೆಲ್ಲವನ್ನೂ ತೆಗೆದೆ. ಪಟ್ಟಿಯ ಮೇಲಿನ ವಾಕ್ಯದಲ್ಲಿ ಮಾತ್ರ ನೋಂದಣಿಗೆ ಓಪನ್ಸ್, ಕಾರ್ಯಕ್ರಮಕ್ಕೆ ಬಿಗಿನ್ಸ್, ಊಟಕ್ಕೆ ವಿಲ್ ಬಿ ಸರ್ವ್ಡ್ ಎಂದು ಬರೆದೆ. ನೋಂದಣಿ ನಿಲ್ಲುವುದಕ್ಕೆ ಕ್ಲೋಸಸ್, ಊಟದ ನಂತರ ಗೋಷ್ಠಿ ಮತ್ತೆ ಶುರುವಾಗುವುದಕ್ಕೆ ರಿಸ್ಯೂಮ್ಸ್ ಎಂಬ ಪದಗಳಿವೆ. ಇವು ಅಲಂಕಾರಕ್ಕಾಗಿ ಬಂದವಲ್ಲ, ಅರ್ಥವೇ ಬೇರೆ.

ಅದೇ ಕರಡಿನಲ್ಲಿ ನಮ್ಮವರು ಮತ್ತೆ ಮತ್ತೆ ಮಾಡುವ ಇನ್ನೊಂದು ತಪ್ಪೂ ಇತ್ತು. "ಹತ್ತು ಗಂಟೆಯಿಂದ ಪ್ರಾರಂಭ" ಎಂದು ಕನ್ನಡದಲ್ಲಿ ಯೋಚಿಸಿ ಬರೆದದ್ದರಿಂದ "ವಿಲ್ ಕಮೆನ್ಸ್ ಫ್ರಮ್ 10" ಎಂದಾಗಿತ್ತು. ಆರಂಭವೆಂಬುದು ಒಂದು ಕ್ಷಣದ ಮಾತಾದ್ದರಿಂದ ಅಲ್ಲಿ ಆ್ಯಟ್ ಬರಬೇಕು. ಫ್ರಮ್ ಬೇಕೇ ಬೇಕೆಂದಿದ್ದರೆ "ವಿಲ್ ಬಿ ಹೆಲ್ಡ್ ಫ್ರಮ್ 10 ಟು 5.30" ಎಂದು ಅವಧಿಯನ್ನು ಪೂರ್ತಿ ಕೊಡಬಹುದು.

ಮುಕ್ತಾಯಕ್ಕೆ ಕನ್‌ಕ್ಲೂಡ್ ಒಳ್ಳೆಯ ಪದ, ಅದರಲ್ಲೂ ಕೊನೆಯಲ್ಲಿ ಏನು ನಡೆಯುತ್ತದೆಂದು ಹೇಳುವಾಗ: "ಕನ್‌ಕ್ಲೂಡ್ಸ್ ವಿತ್ ದ ನ್ಯಾಷನಲ್ ಆಂಥೆಮ್". ಟರ್ಮಿನೇಟ್ ಬೇಡ, ಅದು ರೈಲಿನ ಕೊನೆಯ ನಿಲ್ದಾಣಕ್ಕೆ, ಒಪ್ಪಂದ ರದ್ದಾಗುವುದಕ್ಕೆ ಇರಲಿ. ಕಲ್ಮಿನೇಟ್ ಎಂದರೆ ಬರೀ ಮುಗಿಯುವುದಲ್ಲ, ಶಿಖರ ಮುಟ್ಟುವುದು. ಆದ್ದರಿಂದ ವಂದನಾರ್ಪಣೆಗೆ ಅದನ್ನು ಹಚ್ಚಿದರೆ ನಗು ಬರುತ್ತದೆ.

ಗೊಂದಲ ನಿಜವಾಗಿ ಹುಟ್ಟುವುದು ವ್ಯಾಲಿಡಿಕ್ಟರಿಯಲ್ಲಿ, ಅಂದರೆ ನಮ್ಮ ಸಮಾರೋಪದಲ್ಲಿ. ಅದು ಮುಗಿಯುವ ಹೊತ್ತಲ್ಲ, ಭಾಷಣ, ಪ್ರಮಾಣಪತ್ರ ವಿತರಣೆ ಎಲ್ಲವೂ ಇರುವ ಮತ್ತೊಂದು ಸಭೆ. ಆ ಪಟ್ಟಿಯಲ್ಲಿ ಕೊನೆಯ ಸಾಲು "4.30 ಸಮಾರೋಪ" ಎಂದಷ್ಟೇ ಇದ್ದುದರಿಂದ, ಊರಿನಿಂದ ಬರುವವರು ಐದು ಗಂಟೆಯ ಬಸ್ಸಿಗೆ ಟಿಕೆಟ್ ಮಾಡಿಸಿಕೊಳ್ಳುವ ಸಾಧ್ಯತೆಯಿತ್ತು. ಹಾಗಾಗಿ ಅದರ ಕೆಳಗೆ "5.30 ಮುಕ್ತಾಯ" ಎಂದೂ, ಇಂಗ್ಲಿಷಿನ ಕಡೆ ಬರೀ ಎಂಡ್ಸ್ ಎಂದೂ ಸೇರಿಸಿದೆ. ಕನ್‌ಕ್ಲೂಡ್ಸ್ ಆಗಲಿ ಎಂದು ಸಂಘಟಕರು ಕೇಳಿಕೊಂಡರು. ಅದಕ್ಕೂ ನನ್ನ ಅಭ್ಯಂತರವಿರಲಿಲ್ಲ, ಸಮಯ ಅಚ್ಚಾದರೆ ಸಾಕಿತ್ತು.